ಸೊನ್ನೆಯ ಪ್ರಯಾಣ: ಪಾಡ್‌ಕಾಸ್ಟ್ ಸ್ಕ್ರಿಪ್ಟ್ ಹಾಕಿದ್ದೇನೆ, ತಪ್ಪಿದ್ದರೆ ಹಿಡಿಯಿರಿ

ಕಿವಿಮಾತು

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಸೇರಿ ಒಂದು ಪುಟ್ಟ ಪಾಡ್‌ಕಾಸ್ಟ್ ಮಾಡುತ್ತಿದ್ದೇವೆ. ಮುಂದಿನ ಕಂತು ಸೊನ್ನೆಯ ಬಗ್ಗೆ, ಸುಮಾರು ಇಪ್ಪತ್ತು ನಿಮಿಷದ್ದು. ಸ್ಕ್ರಿಪ್ಟ್ ಬರೆದಿದ್ದು ನಾನು. ನಾನು ಗಣಿತ ಓದಿದವನಲ್ಲ, ಇತಿಹಾಸವೂ ಅಷ್ಟಕ್ಕಷ್ಟೇ. ರೆಕಾರ್ಡ್ ಮಾಡುವ ಮೊದಲು ತಿಳಿದವರು ಒಮ್ಮೆ ನೋಡಲಿ ಅಂತ ಮಧ್ಯದ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ.

> ಇಸವಿ 628. ಭಿಲ್ಲಮಾಲ ಎಂಬ ಊರು, ಈಗಿನ ರಾಜಸ್ಥಾನದಲ್ಲಿದೆ. ಮೂವತ್ತು ವರ್ಷದ ಬ್ರಹ್ಮಗುಪ್ತ ಒಂದು ಗ್ರಂಥ ಬರೆದು ಮುಗಿಸಿದ. ಅದರಲ್ಲಿ ಸೊನ್ನೆಗೆ ಮೊದಲ ಬಾರಿ ನಿಯಮಗಳು ಸಿಕ್ಕವು. ಸುಮಾರು ನೂರೈವತ್ತು ವರ್ಷಗಳ ನಂತರ ಆ ನಿಯಮಗಳು ಬಾಗ್ದಾದ್ ತಲುಪಿದವು. ಶೂನ್ಯ ಎಂಬ ಪದ ಅರಬರ ಬಾಯಲ್ಲಿ ಸವೆದು ‘ಸಿಫ್ರ್’ ಆಯಿತು. ಅಲ್ ಖ್ವಾರಿಜ್ಮಿ ಆ ಸೊನ್ನೆಯ ಮೇಲೆ ಬೀಜಗಣಿತ ಕಟ್ಟಿದ. 1202ರಲ್ಲಿ ಫಿಬೊನಾಚಿ ಅದನ್ನು ಯುರೋಪಿಗೆ ಒಯ್ದ. ಯುರೋಪು ಹೆದರಿತು. 1299ರಲ್ಲಿ ಫ್ಲಾರೆನ್ಸ್ ನಗರ ಸೊನ್ನೆಯನ್ನೇ ನಿಷೇಧಿಸಿತು!

ಕೇಳೋಕೆ ಚೆನ್ನಾಗಿದೆ ಅಂತ ಗೆಳೆಯರು ಹೇಳಿದರು. ಆದರೆ ಎಲ್ಲ ಇಷ್ಟು ಸಲೀಸಾಗಿ ನಡೆದಿತ್ತಾ ಅಂತ ನನಗೇ ಅನುಮಾನ.

ಸುಧನ್ವ_ಎಸ್

ಆರ್ಯಭಟ ಎಲ್ಲಿ ಹೋದ ಸ್ವಾಮಿ? ಸೊನ್ನೆ ಕಂಡುಹಿಡಿದಿದ್ದು ಆರ್ಯಭಟ, ಇಸವಿ 499. ಇದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಬ್ರಹ್ಮಗುಪ್ತ ಬಂದಿದ್ದು ನೂರಮೂವತ್ತು ವರ್ಷ ಆದಮೇಲೆ. ಮೊದಲು ಅದನ್ನು ಸರಿಮಾಡಿ.

ಮಳೆಬಿಲ್ಲು

ಒಂದು ಪ್ರಶ್ನೆ. ಸೊನ್ನೆ ಆಗ ಬಂದಿದ್ದಾದರೆ ರಾವಣನಿಗೆ ಹತ್ತು ತಲೆ ಅಂತ ಎಣಿಸಿದ್ದು ಹೇಗೆ? 😀 ಈ ಮೆಸೇಜು ನನಗೆ ವರ್ಷಕ್ಕೆ ನಾಲ್ಕು ಸಲ ಬರುತ್ತೆ. ಇಲ್ಲಿಯವರೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ.

ಕಲ್ಬರಹ

ಮಳೆಬಿಲ್ಲು ಅವರೇ, ನೀವು ತಮಾಷೆಗೆ ಕೇಳಿದರೂ ಉತ್ತರ ಈ ಕಂತಿಗೆ ಬೇಕಾಗಿದ್ದೇ. ಎಣಿಸೋಕೆ ಸೊನ್ನೆ ಬೇಡ. ‘ಹತ್ತು’ ಅನ್ನೋದು ಒಂದು ಪದ. ಅದರೊಳಗೆ ಎಲ್ಲಿಯೂ ಸೊನ್ನೆ ಇಲ್ಲ. ರೋಮನ್ನರು ಹತ್ತಕ್ಕೆ X ಅಂತ ಬರೆದರು, ಅದರಲ್ಲೂ ಇಲ್ಲ. ‘ಇನ್ನೂರ ನಾಲ್ಕು’ ಅಂತ ಬಾಯಲ್ಲಿ ಹೇಳಿ ನೋಡಿ. ಹತ್ತರ ಸ್ಥಾನ ಖಾಲಿ ಇದೆ ಅಂತ ನಾವು ಹೇಳುವುದೇ ಇಲ್ಲ. ಅದನ್ನು 204 ಅಂತ ಅಂಕಿಯಲ್ಲಿ ಬರೆಯಲು ಹೊರಟಾಗ ಮಾತ್ರ ಮಧ್ಯದಲ್ಲಿ ಏನಾದರೂ ಇಡಬೇಕಾಗುತ್ತದೆ.

ಕಿವಿಮಾತು, ನಿಮ್ಮ ಸ್ಕ್ರಿಪ್ಟಿನ ತೊಂದರೆ ಇಲ್ಲೇ ಶುರು. ಸೊನ್ನೆ ಅಂತ ಒಂದೇ ಹೆಸರಲ್ಲಿ ನೀವು ಎರಡು ಬೇರೆ ವಸ್ತುಗಳನ್ನು ಕರೆಯುತ್ತಿದ್ದೀರಿ. ಒಂದು, ಖಾಲಿ ಜಾಗ ತುಂಬುವ ಗುರುತು. ಇನ್ನೊಂದು, ಕೂಡಿಸಿ ಕಳೆಯಬಹುದಾದ ಸಂಖ್ಯೆ. ಬ್ರಹ್ಮಗುಪ್ತ ನಿಯಮ ಬರೆದಿದ್ದು ಎರಡನೆಯದಕ್ಕೆ. ಬಾಗ್ದಾದಿಗೆ ಹೋಗಿ, ಅಲ್ಲಿಂದ ಯುರೋಪಿಗೆ ದಾಟಿದ್ದು ಮುಖ್ಯವಾಗಿ ಮೊದಲನೆಯದು. ಎರಡನ್ನೂ ಒಂದೇ ಗಾಡಿಗೆ ಹತ್ತಿಸಿ ಕಳಿಸಿಬಿಟ್ಟಿದ್ದೀರಿ.

ಸುಧನ್ವ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೊಂದು ಸ್ಥಾನವೂ ಹಿಂದಿನದರ ಹತ್ತರಷ್ಟು ಅಂತ ಆರ್ಯಭಟ ಸ್ಪಷ್ಟವಾಗಿ ಹೇಳುತ್ತಾನೆ. ಅವನು ಕೊಟ್ಟ ವರ್ಗಮೂಲದ ವಿಧಾನ ಸ್ಥಾನಗಳ ಲೆಕ್ಕ ಗೊತ್ತಿಲ್ಲದೆ ನಡೆಯುವುದಿಲ್ಲ. ಆದರೆ ಅವನು ಸಂಖ್ಯೆ ಬರೆದಿದ್ದು ಅಂಕಿಗಳಲ್ಲಿ ಅಲ್ಲ, ಅಕ್ಷರಗಳಲ್ಲಿ. ಆ ಅಕ್ಷರ ಪದ್ಧತಿಯಲ್ಲಿ ಸೊನ್ನೆಗೆ ಗುರುತೇ ಇಲ್ಲ. ಯಾವ ಸ್ಥಾನ ಅನ್ನೋದನ್ನು ಸ್ವರವೇ ಹೇಳುತ್ತಿತ್ತು, ಹಾಗಾಗಿ ಬೇಕಾಗಲೂ ಇಲ್ಲ.

ಸುಧನ್ವ_ಎಸ್

ಗುರುತು ಇಲ್ಲ ಅಂದಮಾತ್ರಕ್ಕೆ ಸೊನ್ನೆ ಗೊತ್ತಿರಲಿಲ್ಲ ಅಂತ ಆಗುತ್ತಾ? ಸ್ಥಾನ ಗೊತ್ತಿದ್ದವನಿಗೆ ಖಾಲಿ ಸ್ಥಾನವೂ ಗೊತ್ತಿರಲೇಬೇಕು.

ಕಲ್ಬರಹ

ಗೊತ್ತಿರಲಿಲ್ಲ ಅಂತ ನಾನು ಹೇಳಲಿಲ್ಲ. ‘ಕಂಡುಹಿಡಿದ’ ಅನ್ನೋಕೆ ಆಗಲ್ಲ ಅಂದೆ. ಅವನಿಗಿಂತ ಹಿಂದೆಯೂ ಸ್ಥಾನದ ಲೆಕ್ಕ ಇತ್ತು. ಲೋಕವಿಭಾಗ ಅಂತ ಒಂದು ಜೈನ ಗ್ರಂಥವಿದೆ. ಅದರೊಳಗೆ ಕೊಟ್ಟಿರುವ ದಿನಾಂಕದ ಲೆಕ್ಕ 458ಕ್ಕೆ ಬರುತ್ತದೆ. ಅಲ್ಲೊಂದು ಸಂಖ್ಯೆಯನ್ನು ಪದಗಳಲ್ಲಿ ಹೀಗೆ ಹೇಳಿದ್ದಾರೆ: ಐದು ಶೂನ್ಯಗಳು, ಆಮೇಲೆ ಎರಡು, ಏಳು, ಅಂಬರ, ಒಂದು, ಮೂರು, ರೂಪ. ಅಂಬರ ಅಂದರೆ ಆಕಾಶ, ಅಂದರೆ ಖಾಲಿ, ಅಂದರೆ ಸೊನ್ನೆ. ರೂಪ ಅಂದರೆ ಒಂದು. ಆಗೆಲ್ಲ ಬಿಡಿ ಸ್ಥಾನದಿಂದ ಶುರುಮಾಡಿ ಎಡಕ್ಕೆ ಹೋಗುತ್ತಿದ್ದರು. ಹಾಗೆ ಬಲದಿಂದ ಎಡಕ್ಕೆ ಜೋಡಿಸಿ ನೋಡಿ, 13107200000 ಬರುತ್ತದೆ. ಎರಡು ಬೇರೆ ಪದ, ಶೂನ್ಯ ಮತ್ತು ಅಂಬರ, ಎರಡೂ ಒಂದೇ ಕೆಲಸಕ್ಕೆ. ಪದ್ಯದ ಛಂದಸ್ಸಿಗೆ ಯಾವುದು ಕೂರುತ್ತೋ ಅದು. ಅಂದರೆ ಆ ಹೊತ್ತಿಗೆ ಇದು ಓದಿದವರಿಗೆ ಹಳೆಯ ವಿಷಯವೇ ಆಗಿರಬೇಕು.

ಖಾಲಿಕೋಶ

ಗುರುತು ಬೇರೆ, ಸಂಖ್ಯೆ ಬೇರೆ ಅಂದ ತಕ್ಷಣ ನನ್ನ ಹಳೆಯ ಗಾಯ ನೆನಪಾಯಿತು. ಮೊದಲ ಕೆಲಸದಲ್ಲಿ ತಾಪಮಾನದ ದಾಖಲೆಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬುತ್ತಿದ್ದೆ. ಕೆಲವು ದಿನ ಯಂತ್ರ ಕೆಟ್ಟಿತ್ತು, ಓದು ಸಿಕ್ಕಿರಲಿಲ್ಲ. ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಅಂತ ಅಲ್ಲೆಲ್ಲ 0 ಹಾಕಿಬಿಟ್ಟೆ. `AVERAGE` ಖಾಲಿ ಕೋಶವನ್ನು ಬಿಟ್ಟು ಲೆಕ್ಕ ಮಾಡುತ್ತೆ, ಸೊನ್ನೆಯನ್ನು ಮಾತ್ರ ಸೇರಿಸಿಕೊಳ್ಳುತ್ತೆ. ಹತ್ತು ದಿನದಲ್ಲಿ ಎಂಟು ದಿನ 30 ಡಿಗ್ರಿ, ಎರಡು ದಿನ ನನ್ನ ಸೊನ್ನೆ. ಸರಾಸರಿ 30 ಬರಬೇಕಾದಲ್ಲಿ 24 ಬಂತು. ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು.

ಇದು ಇತಿಹಾಸ ಅಲ್ಲ, ಸುಮ್ನೆ ಹೇಳಿದೆ.

ಕಿವಿಮಾತು

ಅಣ್ಣ, ಇದು ನನ್ನ ಸ್ಕ್ರಿಪ್ಟಿಗಿಂತ ಚೆನ್ನಾಗಿ ವಿಷಯ ಹೇಳಿತು.

ಕಲ್ಬರಹ ಸರ್, ಒಂದು ಗೊಂದಲ. ಗುರುತಿನ ಸೊನ್ನೆ ಬ್ಯಾಬಿಲೋನಿನಲ್ಲಿ ಮೊದಲೇ ಇತ್ತು ಅಂತಾರಲ್ಲ? ಹಾಗಾದರೆ ಕಥೆ ಅಲ್ಲಿಂದ ಶುರು ಮಾಡಬೇಕಾ?

ಕಲ್ಬರಹ

ಇತ್ತು. ಅವರದ್ದು ಅರವತ್ತರ ಲೆಕ್ಕ. ಮೊದಲಿಗೆ ಖಾಲಿ ಸ್ಥಾನಕ್ಕೆ ಸುಮ್ನೆ ಅಂತರ ಬಿಡುತ್ತಿದ್ದರು. ಕ್ರಿ.ಪೂ. 300ರ ಆಸುಪಾಸಿನ ಮಣ್ಣಿನ ಹಲಗೆಗಳಲ್ಲಿ ಎರಡು ಓರೆ ಬೆಣೆಗಳ ಗುರುತು ಸಾಮಾನ್ಯವಾಗಿ ಕಾಣುತ್ತದೆ. ಆದರೆ ಅದು ಹೆಚ್ಚಾಗಿ ಸಂಖ್ಯೆಯ ನಡುವೆ ಬರುತ್ತಿತ್ತು, ಕೊನೆಯಲ್ಲಿ ಅಲ್ಲ. ಒಂದು ಬೆಣೆ ಬರೆದಿದ್ದರೆ ಅದು 1 ಆಗಬಹುದು, 60 ಆಗಬಹುದು, 3600 ಆಗಬಹುದು. ಸಂದರ್ಭ ನೋಡಿ ಓದುಗನೇ ಊಹಿಸಬೇಕು. ಧಾನ್ಯದ ಲೆಕ್ಕ ಬರೆದವನಿಗೆ ಅದು ಗೊತ್ತೇ ಇರುತ್ತೆ, ಹಾಗಾಗಿ ತೊಂದರೆ ಆಗುತ್ತಿರಲಿಲ್ಲ.

ಗ್ರೀಕರೂ ಈ ಅರವತ್ತರ ಲೆಕ್ಕವನ್ನು ಖಗೋಳಕ್ಕೆ ಬಳಸಿದರು. ಎರಡನೇ ಶತಮಾನದ ಟಾಲೆಮಿಯ ಕೋಷ್ಟಕಗಳಲ್ಲಿ ಖಾಲಿ ಸ್ಥಾನಕ್ಕೆ ಗುರುತು ಇದೆ. ಗ್ರೀಕ್ ಖಗೋಳದ ಹಲವು ಸಂಗತಿಗಳು ಭಾರತಕ್ಕೆ ಬಂದವು ಅನ್ನೋದು ನಿಜ. ಈ ಗುರುತೂ ಜೊತೆಗೆ ಬಂತಾ ಅಂತ ಕೇಳಿದರೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಮಾಯಾ ಜನ ಚಿಪ್ಪಿನಾಕಾರದ ಸೊನ್ನೆಯನ್ನು ತಾವೇ ಮಾಡಿಕೊಂಡರು. ಅದು ಅವರ ಇಪ್ಪತ್ತರ ಲೆಕ್ಕದ ಜೊತೆ ಅಮೆರಿಕಾ ಖಂಡದಲ್ಲೇ ಉಳಿಯಿತು. ಪ್ರಯಾಣದ ಕಥೆಗೆ ಅದು ಬೇಡ.

ಇಪ್ಪತ್ತು ನಿಮಿಷಕ್ಕೆ ಇಡೀ ಪ್ರಪಂಚ ತುಂಬಬೇಡಿ. ಗ್ವಾಲಿಯರಿನಿಂದ ಶುರು ಮಾಡಿ ಅಂತ ನನ್ನ ಸಲಹೆ. ಅಲ್ಲಿ ಕೋಟೆಗೆ ಹತ್ತುವ ದಾರಿಯಲ್ಲಿ ಬಂಡೆಯಲ್ಲೇ ಕೊರೆದ ಚಿಕ್ಕ ಚತುರ್ಭುಜ ದೇವಾಲಯ ಇದೆ. ಅದರೊಳಗಿನ 876ನೇ ಇಸವಿಯ ಶಾಸನದಲ್ಲಿ ದೇವರ ಹೂದೋಟಕ್ಕೆ ದಾನ ಕೊಟ್ಟ ಜಾಗದ ಅಳತೆ ಇದೆ. 270 ಹಸ್ತ ಒಂದು ಕಡೆ, 187 ಹಸ್ತ ಇನ್ನೊಂದು ಕಡೆ. ಜೊತೆಗೆ ದಿನಕ್ಕೆ 50 ಹೂಮಾಲೆ. 270ರಲ್ಲೂ 50ರಲ್ಲೂ ಕೊನೆಗೆ ಪುಟ್ಟ ಸುತ್ತು. ಯಾರೂ ಅಲ್ಲಿ ಸೊನ್ನೆಯ ಬಗ್ಗೆ ಮಾತಾಡುತ್ತಿಲ್ಲ. ತೋಟದ ಅಳತೆ ಬರೆದಿದ್ದಾರೆ, ಅಷ್ಟೇ. ನನಗೆ ಅದೇ ಇಷ್ಟ.

ಲೆಕ್ಕದ_ಟೀಚರ್

ಆ ಎರಡು ಅಳತೆ ನೋಡಿ ಕೈ ತಡೆಯಲಿಲ್ಲ, ಗುಣಿಸಿಬಿಟ್ಟೆ. 270 × 187 = 50490 ಚದರ ಹಸ್ತ. ಸೊನ್ನೆ ನಡುವೆಯೂ ಇದೆ, ಕೊನೆಗೂ ಇದೆ! ಈಗ ಗುರುತು ತೆಗೆದುಬಿಡಿ. 5, 4, 9 ಉಳಿಯಿತು. ಓದುವವನಿಗೆ ಅದು 549 ಇರಬಹುದು, 5049 ಇರಬಹುದು, 5490 ಇರಬಹುದು, 50490 ಇರಬಹುದು. ಬ್ಯಾಬಿಲೋನಿನವರ ಹಾಗೆ ನಡುವೆ ಮಾತ್ರ ಗುರುತು ಹಾಕಿದರೆ 5049 ಬರುತ್ತೆ. ಅಸಲಿ ಜಾಗದ ಹತ್ತನೇ ಒಂದು ಭಾಗ. ದೇವರ ತೋಟ ಹೋಯಿತು.

ಕಿವಿಮಾತು, ನಿಮ್ಮದು ಕೇಳುವ ಕಾರ್ಯಕ್ರಮ, ಅಲ್ವಾ? ಚುಕ್ಕಿ, ಸುತ್ತು ಅಂತ ಎಷ್ಟು ಹೇಳಿದರೂ ಕೇಳುಗರಿಗೆ ಕಾಣಲ್ಲ. ಇದನ್ನು ಬಾಯಲ್ಲೇ ಆಡಿಸಬಹುದು. ‘ಐದು, ನಾಲ್ಕು, ಒಂಬತ್ತು. ಜಾಗ ಎಷ್ಟು?’ ಅಂತ ಕೇಳಿ, ಸ್ವಲ್ಪ ಸುಮ್ಮನಿರಿ.

ಮಳೆಬಿಲ್ಲು

ತಡೀರಿ, 876 ಅಂದರೆ ಬ್ರಹ್ಮಗುಪ್ತನಿಗಿಂತ ಎಷ್ಟೋ ತಡ. ಬಾಗ್ದಾದಿನವರಿಗಿಂತಲೂ ತಡ. ಹಾಗಾದರೆ ಅರಬರೇ ನಮಗೆ ಕೊಟ್ಟರು ಅಂತ ಯಾರಾದರೂ ಹೇಳಬಹುದಲ್ವಾ?

ಕಲ್ಬರಹ

ಹೇಳಿದ್ದರು! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಿ.ಆರ್. ಕೇ ಎಂಬ ಇಂಗ್ಲಿಷ್ ವಿದ್ವಾಂಸ, ಭಾರತದ ಹಳೆಯ ತಾಮ್ರಪಟಗಳಲ್ಲಿ ಎಷ್ಟೋ ನಕಲಿ, ಈ ಅಂಕಿ ಪದ್ಧತಿ ಭಾರತದ್ದಲ್ಲ ಅಂತ ವಾದಿಸಿದ. ನಕಲಿ ಪಟಗಳು ಇದ್ದದ್ದೂ ನಿಜ, ಹಾಗಾಗಿ ತಳ್ಳಿಹಾಕೋದು ಸುಲಭ ಇರಲಿಲ್ಲ.

ಉತ್ತರ ಬಂದಿದ್ದು ಕಾಂಬೋಡಿಯಾದಿಂದ. ಮೆಕಾಂಗ್ ನದಿಯ ಬಳಿ ಸಂಬೋರ್‌ನಲ್ಲಿ ಸಿಕ್ಕ ಒಂದು ಕಲ್ಲು, ದಾಖಲೆಯಲ್ಲಿ ಅದರ ಹೆಸರು K-127. ಹಳೆಯ ಖ್ಮೇರ್ ಭಾಷೆ. ಶಕ ವರ್ಷ 605, ಕೃಷ್ಣಪಕ್ಷದ ಐದನೇ ದಿನ ಅಂತ ಇದೆ. 6ಕ್ಕೂ 5ಕ್ಕೂ ನಡುವೆ ಒಂದು ಚುಕ್ಕಿ. ಶಕಕ್ಕೆ 78 ಕೂಡಿಸಿದರೆ ಇಸವಿ 683. ಸುಮಾತ್ರಾದಲ್ಲೂ ಅದೇ ಕಾಲದ, ಶಕ ವರ್ಷ ಬರೆದ ಶಾಸನಗಳಿವೆ. ಬಾಗ್ದಾದ್ ನಗರಕ್ಕೆ ಅಡಿಪಾಯ ಬಿದ್ದಿದ್ದೇ 762ರಲ್ಲಿ. ಆ ಕಡೆ ಹೋಗುವ ಮೊದಲೇ ಸೊನ್ನೆ ಈ ಕಡೆ, ಪೂರ್ವಕ್ಕೆ ಹೋಗಿ ಕಲ್ಲಿನ ಮೇಲೆ ಕೂತಿತ್ತು. ಶಕ ವರ್ಷದ ಜೊತೆಗೇ ಹೋಗಿದೆ ಅಂದಮೇಲೆ ಎಲ್ಲಿಂದ ಹೋಯಿತು ಅಂತ ಬೇರೆ ಹೇಳಬೇಕಿಲ್ಲ. 1931ರಲ್ಲಿ ಜಾರ್ಜ್ ಸೆಡೆಸ್ ಎಂಬ ಫ್ರೆಂಚ್ ಶಾಸನತಜ್ಞ ಇದನ್ನು ಮುಂದಿಟ್ಟ ಮೇಲೆ ಕೇಯ ವಾದ ನಿಲ್ಲಲಿಲ್ಲ.

ಆ ಕಲ್ಲಿನ ಮುಂದಿನ ಕಥೆ ನಿಮಗೆ ಬೇಕಾದರೆ ಬಳಸಿ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಪಕ್ಷದ ಆಳ್ವಿಕೆಯ ಕಾಲದ ಗಲಾಟೆಯಲ್ಲಿ ಅದು ಎಲ್ಲಿದೆ ಅಂತ ಗೊತ್ತಾಗದ ಹಾಗಾಯಿತು. 2013ರಲ್ಲಿ ಅಮೀರ್ ಆಕ್ಸೆಲ್ ಎಂಬ ಗಣಿತ ಲೇಖಕ ಸಿಯೆಂ ರೀಪ್ ಬಳಿಯ ಸಂರಕ್ಷಣಾ ಉಗ್ರಾಣದಲ್ಲಿ ಅದನ್ನು ಮತ್ತೆ ಪತ್ತೆ ಮಾಡಿದ.

ಸುಧನ್ವ_ಎಸ್

ಬಖ್ಶಾಲಿ ಅನ್ನೋ ಹಳೆಯ ಗಣಿತದ ಹಸ್ತಪ್ರತಿ ಬಿಟ್ಟಿರಿ. ಅದರಲ್ಲಿ ಚುಕ್ಕಿ ಸೊನ್ನೆ ಇದೆ. ಆಕ್ಸ್‌ಫರ್ಡಿನವರೇ ಕಾರ್ಬನ್ ಪರೀಕ್ಷೆ ಮಾಡಿ ಮೂರನೇ ಶತಮಾನ ಅಂತ ಹೇಳಿದ್ದಾರೆ. ಇಲ್ಲಿ 683, 876 ಅಂತ ಎಲ್ಲ ಯಾಕೆ ಹೇಳುತ್ತಿದ್ದೀರಿ? ಅದೇ ಎಲ್ಲಕ್ಕಿಂತ ಹಳೆಯದು, ಮುಗೀತು.

ಕಲ್ಬರಹ

ಮುಗಿದಿಲ್ಲ. 2017ರಲ್ಲಿ ಪರೀಕ್ಷೆ ಮಾಡಿದ್ದು ಮೂರು ಎಲೆಗಳನ್ನು. ಬಂದ ಉತ್ತರವೂ ಮೂರು. ಒಂದಕ್ಕೆ 224ರಿಂದ 383, ಇನ್ನೊಂದಕ್ಕೆ 680ರಿಂದ 779, ಮತ್ತೊಂದಕ್ಕೆ 885ರಿಂದ 993. ಸುದ್ದಿಯಲ್ಲಿ ಬಂದಿದ್ದು ಮೊದಲನೆಯದು ಮಾತ್ರ.

ಅದು ಭೂರ್ಜ ಮರದ ತೊಗಟೆಯ ಹಸ್ತಪ್ರತಿ. ಪರೀಕ್ಷೆ ಹೇಳುವುದು ತೊಗಟೆ ಯಾವಾಗಿನದು ಅಂತ. ಬರಹ ಯಾವಾಗಿನದು ಅಂತ ಹೇಳಲ್ಲ. ಗಣಿತದ ಇತಿಹಾಸ ಬಲ್ಲ ಕಿಮ್ ಪ್ಲಾಫ್ಕರ್ ಮತ್ತು ಜೊತೆಗಾರರು ಅದೇ ವರ್ಷ ಆಕ್ಷೇಪ ಎತ್ತಿದರು. ಬರವಣಿಗೆ ನೋಡಿದರೆ ಇದು ಬೇರೆ ಬೇರೆ ಶತಮಾನದ ಚೂರುಗಳಲ್ಲ, ಒಂದೇ ಕೃತಿ ಅನ್ನೋದು ಅವರ ವಾದ. ಒಂದೇ ಕೃತಿ ಆದರೆ ಎಲ್ಲಕ್ಕಿಂತ ಹೊಸ ಎಲೆಯ ಕಾಲಕ್ಕಿಂತ ಮೊದಲು ಬರೆದಿರಲು ಸಾಧ್ಯವಿಲ್ಲ, ಅಲ್ವಾ? ಹಳೆಯ ತೊಗಟೆಯ ಮೇಲೆ ಆಮೇಲೆ ಬರೆಯಬಹುದು. ಇನ್ನೂ ಹುಟ್ಟದ ಮರದ ಮೇಲೆ ಬರೆಯಲು ಆಗಲ್ಲ.

ಸುಧನ್ವ_ಎಸ್

ಬೇರೆ ಬೇರೆ ಕಾಲದ ತೊಗಟೆ ಒಂದೇ ಪುಸ್ತಕಕ್ಕೆ ಸೇರಿದ್ದು ಹೇಗೆ ಮತ್ತೆ? ಆರುನೂರು ವರ್ಷ ಯಾರಾದರೂ ಖಾಲಿ ತೊಗಟೆ ಇಟ್ಟುಕೊಂಡು ಕಾಯುತ್ತಾರಾ? ನಾನು ಒಪ್ಪಲ್ಲ.

ಕಲ್ಬರಹ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ. ಅದಕ್ಕೇ ಕಂತಿನಲ್ಲಿ ‘ಮೂರನೇ ಶತಮಾನದ ಸೊನ್ನೆ’ ಅಂತ ಗಟ್ಟಿಯಾಗಿ ಹೇಳಬೇಡಿ ಅನ್ನುತ್ತಿದ್ದೇನೆ. ಕಲ್ಲಿನ ಮೇಲೆ ವರ್ಷವನ್ನೇ ಕೆತ್ತಿದ್ದಾರೆ, ಅಲ್ಲಿ ಈ ಜಗಳ ಇಲ್ಲ.

ಲೆಕ್ಕದ_ಟೀಚರ್

ಈಗ ಸ್ಕ್ರಿಪ್ಟಿನ ಮುಖ್ಯ ವಾಕ್ಯಕ್ಕೆ ಬರೋಣ. ‘ಅಲ್ ಖ್ವಾರಿಜ್ಮಿ ಆ ಸೊನ್ನೆಯ ಮೇಲೆ ಬೀಜಗಣಿತ ಕಟ್ಟಿದ.’ ನಾನು ಇದನ್ನು ಮಕ್ಕಳಿಗೆ ಹೇಳಿದರೆ ಅವರೇ ಕೆಲಸ ಮಾಡಿ ನನ್ನ ತಪ್ಪು ಹಿಡಿಯುತ್ತಾರೆ.

ಅವನ ಬೀಜಗಣಿತದ ಪುಸ್ತಕದಲ್ಲಿ ಮೊದಮೊದಲ ಉದಾಹರಣೆ ಇದು: ಒಂದು ಸಂಖ್ಯೆಯ ವರ್ಗ ಆ ಸಂಖ್ಯೆಯ ಐದರಷ್ಟಕ್ಕೆ ಸಮ. ನಾವು ಬರೆಯುವ ಹಾಗೆ `x² = 5x`. ಅವನ ಉತ್ತರ 5, ಅದರ ವರ್ಗ 25. ಅಷ್ಟೇ. ಈಗ ನೀವು 0 ಹಾಕಿ ನೋಡಿ. ಎಡಕ್ಕೂ 0, ಬಲಕ್ಕೂ 0. ಅದೂ ಉತ್ತರವೇ! ನನ್ನ ಹತ್ತನೇ ಕ್ಲಾಸಿನ ಮಕ್ಕಳು ಅದನ್ನು ಬಿಟ್ಟರೆ ಒಂದು ಅಂಕ ಕಳೆಯುತ್ತೇನೆ. ಅಲ್ ಖ್ವಾರಿಜ್ಮಿ ಅದನ್ನು ಹೇಳುವುದೇ ಇಲ್ಲ. ಮರೆತಿದ್ದಲ್ಲ. ಅವನಿಗೆ ಅದು ಉತ್ತರ ಅನ್ನಿಸಲೇ ಇಲ್ಲ.

ಇನ್ನೊಂದು, ಎಲ್ಲರಿಗೂ ಗೊತ್ತಿರೋದು. ವರ್ಗ ಮತ್ತು ಹತ್ತು ಮೂಲ ಸೇರಿ 39, ಅಂದರೆ `x² + 10x = 39`. ಉತ್ತರ 3. ಒಂಬತ್ತು, ಮೂವತ್ತು, ಸರಿಹೋಯಿತು. −13 ಕೂಡ ಉತ್ತರ, ಆದರೆ ಅವನ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ಸೊನ್ನೆ ಮತ್ತು ಋಣ ಎರಡೂ ಇಲ್ಲದ್ದರಿಂದ ನಾವು ಒಂದೇ ಸಮೀಕರಣ ಅಂತ ಬರೆಯುವುದನ್ನು ಅವನು ಆರು ಬೇರೆ ಜಾತಿ ಮಾಡಿ, ಒಂದೊಂದಕ್ಕೂ ಬೇರೆ ವಿಧಾನ ಕೊಡಬೇಕಾಯಿತು.

ಬ್ರಹ್ಮಗುಪ್ತನ ಕಡೆ ನೋಡಿ, ಧನ, ಋಣ, ಖ ಅಂದರೆ ಸೊನ್ನೆ, ಮೂರನ್ನೂ ಒಂದೇ ಮನೆಯವರ ಹಾಗೆ ನೋಡಿದ. ಸಮನಾದ ಧನ ಋಣ ಸೇರಿದರೆ ಸೊನ್ನೆ. ಸೊನ್ನೆಯಿಂದ ಋಣ ಕಳೆದರೆ ಧನ. ಈ ತಿಳುವಳಿಕೆ ಬಾಗ್ದಾದಿನ ಬೀಜಗಣಿತಕ್ಕೆ ಇಳಿದಿದ್ದರೆ ಆರು ಜಾತಿ ಯಾಕೆ ಬೇಕಿತ್ತು?

ಕಿವಿಮಾತು

ಟೀಚರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಇಡೀ ಕಂತಿನ ಬೆನ್ನುಮೂಳೆಯೇ ಹೋಯಿತು. ಹಾಗಾದರೆ ಬಾಗ್ದಾದಿಗೆ ಹೋಗಿದ್ದು ಏನು? ಬ್ರಹ್ಮಗುಪ್ತನ ಪುಸ್ತಕವೇ ಅಲ್ಲಿಗೆ ಹೋಗಿತ್ತು ಅಂತ ಓದಿದ್ದೆನಲ್ಲ.

ಕಲ್ಬರಹ

770ರ ದಶಕದಲ್ಲಿ ಖಲೀಫ ಅಲ್ ಮನ್ಸೂರನ ಆಸ್ಥಾನಕ್ಕೆ ಭಾರತದಿಂದ ಖಗೋಳದ ಗ್ರಂಥ ಹೋಯಿತು, ಅರಬ್ಬಿಗೆ ಬಂತು. ಅದರಲ್ಲಿ ಬ್ರಹ್ಮಗುಪ್ತನ ಪರಂಪರೆಯ ಅಂಶಗಳಿದ್ದವು. ಆದರೆ ಅವರಿಗೆ ಬೇಕಾಗಿದ್ದು ಗ್ರಹಗಳ ಲೆಕ್ಕ. ಒಂದು ಗ್ರಂಥದ ಪರಂಪರೆ ಹೋದಮಾತ್ರಕ್ಕೆ ಅದರ ಎಲ್ಲ ಅಧ್ಯಾಯ ಬೇರು ಬಿಟ್ಟಿತು ಅಂತ ಅಲ್ಲ.

ಅಂಕಿಗಳ ಬಗ್ಗೆ ಅಲ್ ಖ್ವಾರಿಜ್ಮಿ ಬೇರೆ ಪುಸ್ತಕ ಬರೆದ. ಅರಬ್ಬಿ ಮೂಲ ಕಳೆದುಹೋಗಿದೆ, ಹನ್ನೆರಡನೇ ಶತಮಾನದ ಲ್ಯಾಟಿನ್ ರೂಪ ಉಳಿದಿದೆ. ಅಲ್ಲಿ ಕಳೆಯುವ ಲೆಕ್ಕದ ಜಾಗದಲ್ಲಿ ಏನು ಹೇಳುತ್ತಾನೆ ಗೊತ್ತಾ? ಒಂದು ಸ್ಥಾನದಲ್ಲಿ ಏನೂ ಉಳಿಯದಿದ್ದರೆ ಅಲ್ಲಿ ಪುಟ್ಟ ಸುತ್ತು ಹಾಕು, ಜಾಗ ಖಾಲಿ ಬಿಡಬೇಡ. ಬಿಟ್ಟರೆ ಸ್ಥಾನಗಳು ಕಡಿಮೆಯಾಗಿ ಎರಡನೆಯದನ್ನು ಮೊದಲನೆಯದು ಅಂದುಕೊಂಡುಬಿಡುತ್ತಾರೆ. ಸೊನ್ನೆ ಅಂದರೆ ಅವನಿಗೆ ಇದು. ಜಾಗ ಕಾಯುವ ಕಾವಲುಗಾರ.

ಎಣಿಕೆ ನೋಡಿದರೂ ಗೊತ್ತಾಗುತ್ತೆ. 662ರಲ್ಲಿ ಸೆವೆರಸ್ ಸೆಬೋಖ್ತ್ ಎಂಬ ಸಿರಿಯಾದ ಬಿಷಪ್ ಭಾರತೀಯರ ಲೆಕ್ಕವನ್ನು ಹೊಗಳುತ್ತಾನೆ. ಒಂಬತ್ತು ಗುರುತುಗಳಲ್ಲಿ ಮಾಡುತ್ತಾರೆ ಅನ್ನುತ್ತಾನೆ. ಒಂಬತ್ತು, ಹತ್ತಲ್ಲ. 1202ರಲ್ಲಿ ಫಿಬೊನಾಚಿಯೂ ‘ಭಾರತೀಯರ ಒಂಬತ್ತು ಅಂಕಿಗಳು’ ಅಂತ ಶುರುಮಾಡಿ, ಜೊತೆಗೆ 0 ಎಂಬ ಗುರುತು, ಅರಬರು ಅದನ್ನು ಜೆಫಿರಮ್ ಅನ್ನುತ್ತಾರೆ ಅಂತ ಸೇರಿಸುತ್ತಾನೆ. ಐನೂರು ವರ್ಷ ದಾಟಿದರೂ ಸೊನ್ನೆಗೆ ಅಂಕಿಗಳ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಬಾಗಿಲಲ್ಲೇ ನಿಲ್ಲಿಸಿದ್ದಾರೆ.

ಖಾಲಿಕೋಶ

ಮತ್ತೆ ಸಂಖ್ಯೆಯ ಸೊನ್ನೆ ಯುರೋಪಿಗೆ ಯಾವಾಗ ಹೋಯಿತು? ಎಲ್ಲವನ್ನೂ ಒಂದು ಕಡೆ ತಂದು `= 0` ಅಂತ ಬರೆಯುವುದು?

ಲೆಕ್ಕದ_ಟೀಚರ್

ಅದು ಅಲ್ಲಿ ಗಟ್ಟಿಯಾಗಿದ್ದು ಹದಿನೇಳನೇ ಶತಮಾನದಲ್ಲಿ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಹಾಗೆ ಬರೆದ, ಅವನ ಪುಸ್ತಕ ಅಚ್ಚಾಗಿದ್ದು ಅವನು ಸತ್ತ ಮೇಲೆ, 1631ರಲ್ಲಿ. ಬ್ರಹ್ಮಗುಪ್ತನಿಂದ ಲೆಕ್ಕ ಹಾಕಿದರೆ ಸಾವಿರ ವರ್ಷ. ಅವರು ಬ್ರಹ್ಮಗುಪ್ತನನ್ನು ಓದಿ ಬರೆದದ್ದಲ್ಲ, ತಮ್ಮ ದಾರಿಯಲ್ಲಿ ತಾವೇ ಬಂದರು.

ಹಾಗಂತ ಬ್ರಹ್ಮಗುಪ್ತ ಎಲ್ಲವನ್ನೂ ಸರಿ ಹೇಳಿದ ಅಂತ ಸ್ಕ್ರಿಪ್ಟಿನಲ್ಲಿ ಹಾಕಬೇಡಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದ. ತಪ್ಪು. ಭಾಗಲಬ್ಧವನ್ನು ಮತ್ತೆ ಸೊನ್ನೆಯಿಂದ ಗುಣಿಸಿ ತಾಳೆ ನೋಡಿದರೆ 0 ಹೊಂದುತ್ತೆ, 7 ಹೊಂದುತ್ತೆ, ಯಾವುದು ಹಾಕಿದರೂ ಹೊಂದುತ್ತೆ. ಒಂದನ್ನೇ ಆರಿಸೋಕೆ ಕಾರಣ ಇಲ್ಲ. ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಛೇದದಲ್ಲಿ ಸೊನ್ನೆ ಇಟ್ಟುಕೊಂಡೇ ಇರಲಿ ಅಂದ, ಉತ್ತರ ಹೇಳಲಿಲ್ಲ. ಎರಡು ಶತಮಾನದ ನಂತರ, ನೃಪತುಂಗನ ಕಾಲದ ಮಹಾವೀರಾಚಾರ್ಯ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂದ. ಅದೂ ತಪ್ಪು. ಆದರೆ ಯಾಕೆ ಹಾಗೆ ಅನ್ನಿಸಿರಬಹುದು ಅಂತ ನನಗೆ ಗೊತ್ತು. ‘ಯಾರಿಗೂ ಹಂಚದಿದ್ದರೆ ಇದ್ದದ್ದು ಇದ್ದ ಹಾಗೇ ಇರುತ್ತೆ ಮಿಸ್’ ಅಂತ ಪ್ರತಿ ವರ್ಷ ಒಬ್ಬ ಹುಡುಗ ಹೇಳುತ್ತಾನೆ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯ ಸೊನ್ನೆಯಿಂದ ಭಾಗಿಸಿದ್ದಕ್ಕೆ ಖಹರ ಅಂತ ಹೆಸರಿಟ್ಟು ಅನಂತ ಅಂದ.

ಮಳೆಬಿಲ್ಲು

‘ಸಿಫ್ರ್’ ಶೂನ್ಯ ಪದ ಸವೆದು ಆಗಿದ್ದಾ? ಸದ್ದು ಸ್ವಲ್ಪವೂ ಹೊಂದಲ್ಲ.

ಕಲ್ಬರಹ

ಒಳ್ಳೆ ಕಿವಿ ನಿಮ್ಮದು. ಸವೆದದ್ದಲ್ಲ, ಅನುವಾದ. ಸಿಫ್ರ್ ಅಂದರೆ ಅರಬ್ಬಿಯಲ್ಲಿ ಖಾಲಿ. ಶೂನ್ಯದ ಅರ್ಥವನ್ನು ತೆಗೆದುಕೊಂಡು ತಮ್ಮದೇ ಪದ ಹಾಕಿದರು. ಅಲ್ಲಿಂದ ಮುಂದೆ ಮಾತ್ರ ಸದ್ದು ಪ್ರಯಾಣ ಮಾಡಿದೆ. ಸಿಫ್ರ್ ಲ್ಯಾಟಿನಿನಲ್ಲಿ ಒಂದು ಕಡೆ ಜೆಫಿರಮ್ ಆಗಿ, ಇಟಲಿಯಲ್ಲಿ ಸವೆದು ‘ಜೀರೋ’ ಆಯಿತು. ಇನ್ನೊಂದು ಕಡೆ ಸಿಫ್ರಾ ಆಗಿ ಇಂಗ್ಲಿಷಿನ ‘ಸೈಫರ್’ ಆಯಿತು. ಒಂದೇ ತಾಯಿಯ ಇಬ್ಬರು ಮಕ್ಕಳು. ಸವೆದು ಬಂದ ಪದ ಬೇಕಾದರೆ ಕನ್ನಡದಲ್ಲೇ ಇದೆ. ಶೂನ್ಯ ಪ್ರಾಕೃತದಲ್ಲಿ ಸುಣ್ಣ ಆಗಿ, ನಮ್ಮಲ್ಲಿ ಸೊನ್ನೆ. ಅಕ್ಷರದ ಪಕ್ಕದ ‘ಂ’ಗೂ ನಾವು ಸೊನ್ನೆ ಅಂತಲೇ ಅನ್ನುತ್ತೇವೆ.

ಫ್ಲಾರೆನ್ಸಿನ ವಾಕ್ಯವನ್ನೂ ಬದಲಿಸಿ. 1299ರ ನಿಯಮ ನಗರದ ಎಲ್ಲರಿಗೂ ಅಲ್ಲ, ಹಣ ವಿನಿಮಯದವರ ಸಂಘದ್ದು. ನಿಷೇಧ ಸೊನ್ನೆಯ ಮೇಲೂ ಅಲ್ಲ. ಲೆಕ್ಕದ ಪುಸ್ತಕದಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆಯಬೇಡಿ, ಅಕ್ಷರದಲ್ಲಿ ಬರೆಯಿರಿ ಅಂತ. ಅಂಕಿ ತಿದ್ದುವುದು ಸುಲಭ, ಸೊನ್ನೆಗೊಂದು ಬಾಲ ಎಳೆದರೆ 6 ಅಥವಾ 9. ಹೆದರಿಕೆ ಇದ್ದದ್ದು ಮೋಸಕ್ಕೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಶೂನ್ಯತತ್ವಕ್ಕೆ ಹೆದರಿ ಬ್ಯಾಂಕಿನವರು ನಡುಗಿದರು ಅನ್ನೋದು ಚಂದದ ಕಥೆ, ಅಷ್ಟೇ.

ಖಾಲಿಕೋಶ

ಚೆಕ್ಕಿನಲ್ಲಿ ಇವತ್ತಿಗೂ ಅಕ್ಷರದಲ್ಲಿ ಬರೆಸುತ್ತಾರಲ್ಲ. ಅವರದ್ದು ಗೆದ್ದಿದೆ ಅನ್ನಿ.

ಸುಧನ್ವ_ಎಸ್

ಆರ್ಯಭಟನ ಹೆಸರು ಒಂದು ಸಲವಾದರೂ ಬರಲಿ. ಇಲ್ಲದಿದ್ದರೆ ಕೆಳಗೆ ಕಾಮೆಂಟಿನಲ್ಲಿ ನನ್ನಂಥವರು ನೂರು ಜನ ಬರುತ್ತಾರೆ, ಹೇಳಿದ್ದೇನೆ.

ಕಿವಿಮಾತು

ಬರುತ್ತೆ ಸುಧನ್ವ ಅವರೇ. ಸ್ಥಾನದ ಮಾತು ಬರುವಾಗ ಅವನ ಹೆಸರಲ್ಲೇ ಬರುತ್ತೆ. ಎರಡು ದಿನ ಕೂತು ಮಧ್ಯಭಾಗ ಪೂರ್ತಿ ಹೊಸದಾಗಿ ಬರೆದೆ. ಹೊಸ ಆರಂಭ ಇದು:

> ಒಂದು ತೋಟದ ಜಾಗ ಕೊಡುತ್ತೇನೆ. ಅಳತೆ: ಐದು, ನಾಲ್ಕು, ಒಂಬತ್ತು. ಎಷ್ಟು ದೊಡ್ಡದು ಹೇಳಿ. (ಐದು ಸೆಕೆಂಡ್ ಮೌನ.) ಐನೂರ ನಲವತ್ತೊಂಬತ್ತು ಅಂದಿರಾ? ಗ್ವಾಲಿಯರಿನ ದೇವರು ನಿಮ್ಮ ಮೇಲೆ ಸಿಟ್ಟಾಗುತ್ತಾನೆ. ಅವನ ತೋಟ ಐವತ್ತು ಸಾವಿರದ ನಾನೂರ ತೊಂಬತ್ತು ಚದರ ಹಸ್ತ.

ಆಮೇಲೆ ಕಾಂಬೋಡಿಯಾದ ಚುಕ್ಕಿ, ಅಲ್ಲಿಂದ ಬಾಗ್ದಾದ್. ಅಲ್ಲಿ ಸೊನ್ನೆ ಇಬ್ಭಾಗ ಆಗುತ್ತೆ. ಗುರುತು ಮುಂದೆ ಹೋಗುತ್ತೆ, ನಿಯಮ ಹಿಂದೆ ಉಳಿಯುತ್ತೆ. `x² = 5x` ಅನ್ನು ಬಾಯಲ್ಲಿ ಹೇಗೆ ಹೇಳೋದು ಅಂತ ಮಾತ್ರ ಇನ್ನೂ ತಿಳಿದಿಲ್ಲ. ನಿನ್ನೆ ಗೆಳೆಯನ ಮುಂದೆ ಓದಿದೆ, ‘ಏನೋ ಅದು ಎಕ್ಸು’ ಅಂದ.

ಲೆಕ್ಕದ_ಟೀಚರ್

ಎಕ್ಸ್ ಬೇಡವೇ ಬೇಡ. ಅಲ್ ಖ್ವಾರಿಜ್ಮಿಯೂ ಬರೆದಿರಲಿಲ್ಲ, ಅವನದ್ದು ಪೂರ್ತಿ ಮಾತಿನಲ್ಲೇ. ‘ಒಂದು ಸಂಖ್ಯೆ ಇದೆ. ಅದನ್ನು ಅದರಿಂದಲೇ ಗುಣಿಸಿದರೂ ಅಷ್ಟೇ, ಐದರಿಂದ ಗುಣಿಸಿದರೂ ಅಷ್ಟೇ. ಯಾವುದು?’ ಎಲ್ಲರೂ ಐದು ಅನ್ನುತ್ತಾರೆ. ‘ಇನ್ನೊಂದಿದೆ’ ಅಂತ ಹೇಳಿ ಜಾಹೀರಾತಿಗೆ ಹೋಗಿ.

ಕಲ್ಬರಹ

ಒಂದು ಸಣ್ಣ ತಿದ್ದುಪಡಿ. ಶಾಸನದಲ್ಲಿ 270 ಮತ್ತು 187 ಇದೆ. 50490 ಅಲ್ಲಿಲ್ಲ, ಅದು ನಮ್ಮ ಟೀಚರ್ ಗುಣಿಸಿದ್ದು. ಅದನ್ನು ಒಂದು ಮಾತಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಮುಂದಿನ ವರ್ಷ ‘ಗ್ವಾಲಿಯರ್ ಶಾಸನದಲ್ಲಿ 50490’ ಅಂತ ನನಗೇ ಮೆಸೇಜು ಬರುತ್ತೆ.